"ಓದು ಮುಗಿಯೋವರೆಗೆ ಏನೂ ಕಟ್ಟಬೇಡಿ" ಅಂದವರ ಲೆಕ್ಕ ಹೀಗಿತ್ತು ನೋಡಿ

ಪುಣೆಯಲ್ಲಿ ಸಾಲ ಮಾಡಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದವರು ಇದನ್ನು ದಯವಿಟ್ಟು ಪೂರ್ತಿ ಓದಿ. ನನಗಿನ್ನೂ ಸಿಟ್ಟು ಇಳಿದಿಲ್ಲ.

ಮಗಳ ಇಂಜಿನಿಯರಿಂಗ್‌ಗೆ 6 ಲಕ್ಷ ಸಾಲ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನೇರ ಕಾಲೇಜಿಗೆ ಹೋಯಿತು. ಓದುವ 4 ವರ್ಷ, ಮೇಲೆ 1 ವರ್ಷ ಮೊರಟೋರಿಯಂ. "ಅಲ್ಲಿವರೆಗೆ ಒಂದು ರೂಪಾಯಿನೂ ಕಟ್ಟೋದು ಬೇಡ, ನಿಶ್ಚಿಂತೆಯಿಂದಿರಿ ಸಾಹೇಬ್ರೆ" ಅಂದರು ಬ್ಯಾಂಕಿನವರು. ಕಟ್ಟೋದು ಬೇಡ ಅಂದರು. ಬಡ್ಡಿ ಓಡುತ್ತಿರುತ್ತದೆ ಅಂತ ಅನ್ನಲಿಲ್ಲ!

ಮೊನ್ನೆ ಮೊದಲ ಕಂತಿನ ಸ್ಟೇಟ್‌ಮೆಂಟ್ ಬಂತು. ಬಾಕಿ ಅಸಲು 8 ಲಕ್ಷ 10 ಸಾವಿರದ ಆಸುಪಾಸು. ಬೇರೆಯವರ ಖಾತೆ ಇರಬೇಕು ಅಂದುಕೊಂಡು ಹೆಸರು ನೋಡಿದೆ. ಮಗಳದ್ದೇ. ಮೇಲಿನ ಸಾಲಿನಲ್ಲಿ "ಇಂಟರೆಸ್ಟ್ ಕ್ಯಾಪಿಟಲೈಸ್ಡ್" ಅಂತ 2 ಲಕ್ಷ 10 ಸಾವಿರ. ಆರು ಲಕ್ಷದ ಸಾಲ ಅಂತ ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದ್ದೆ, ಈಗ ಯಾವ ಮುಖ ಇಟ್ಟುಕೊಂಡು ಹೇಳಲಿ?

ಬಡ್ಡಿ 10% ಅಂತ ಹಿಡಿಯಿರಿ. ಹಣ ಕಾಲೇಜಿಗೆ ಹೋದ ದಿನದಿಂದಲೇ ಬಡ್ಡಿ ಶುರು. ಮೊದಲ ಒಂದೂವರೆ ಲಕ್ಷಕ್ಕೆ 5 ವರ್ಷದ ಬಡ್ಡಿ 75 ಸಾವಿರ. ಎರಡನೆಯದಕ್ಕೆ 4 ವರ್ಷ, 60 ಸಾವಿರ. ಆಮೇಲೆ 45, ಕೊನೆಯದಕ್ಕೆ 30. ಇಷ್ಟು ದಿನ ಅದು ಸರಳ ಬಡ್ಡಿ, ಪಕ್ಕದಲ್ಲಿ ಸುಮ್ನೆ ಬೆಳೀತಾ ಇತ್ತು. ಮೊರಟೋರಿಯಂ ಮುಗಿದ ದಿನ ಎಲ್ಲವನ್ನೂ ಅಸಲಿಗೆ ಸೇರಿಸಿಬಿಟ್ಟರು. ಇನ್ನು ಆ ಬಡ್ಡಿಗೂ ಬಡ್ಡಿ! ಅದೊಂದಕ್ಕೇ ಮೊದಲ ತಿಂಗಳು 1,750 ರೂಪಾಯಿ.

10 ವರ್ಷಕ್ಕೆ ಕಂತು ಸುಮಾರು 10,700. ಬರೀ ಆರು ಲಕ್ಷಕ್ಕಾದರೆ 7,930ರ ಹತ್ತಿರ ಬರುತ್ತಿತ್ತು. ಅದೂ ಹೋಗಲಿ, ಮೊದಲ ಕಂತಿನಲ್ಲಿ 6,750 ಬಡ್ಡಿಗೇ ಹೋಯಿತು. ಅಸಲಿಗೆ ಹೋಗಿದ್ದು ನಾಲ್ಕು ಸಾವಿರಕ್ಕೂ ಕಡಿಮೆ.

ಬ್ಯಾಂಕಿಗೆ ಹೋಗಿ ಕೇಳಿದೆ. "ಸ್ಯಾಂಕ್ಷನ್ ಲೆಟರ್‌ನಲ್ಲಿ ಇದೆಯಲ್ಲ ಸಾಹೇಬ್ರೆ." ಬಾಯಿಬಿಟ್ಟು ಯಾಕೆ ಹೇಳಲಿಲ್ಲ ಅಂದೆ. "ಎಲ್ಲರಿಗೂ ಗೊತ್ತಿರುತ್ತೆ." ಎಲ್ಲರಿಗೂ ಅಂದರೆ ಯಾರಿಗೆ? ಅದೇ ಲೆಟರ್‌ನಲ್ಲಿ ಇನ್ನೊಂದು ಸಾಲಿದೆ: ಓದುವಾಗಲೇ ಆಗಿಂದಾಗ ಬಡ್ಡಿ ಕಟ್ಟುತ್ತ ಬಂದರೆ ದರದಲ್ಲಿ 1% ರಿಯಾಯಿತಿ. ಮೊದಲ ವರ್ಷ ಆ ಬಡ್ಡಿ ತಿಂಗಳಿಗೆ 1,250 ಅಷ್ಟೇ. ಕಟ್ಟುತ್ತಿದ್ದೆನಲ್ಲ! ಅದನ್ನೂ ಯಾರೂ ಹೇಳಲಿಲ್ಲ.

ಮಕ್ಕಳು ಇನ್ನೂ ಓದುತ್ತಿದ್ದರೆ ನಾಳೆಯೇ ಹೋಗಿ ಇವತ್ತಿನವರೆಗಿನ ಬಡ್ಡಿ ಎಷ್ಟು ಅಂತ ಬರಹದಲ್ಲಿ ಕೇಳಿ. ಆಗುವಷ್ಟು ಕಟ್ಟುತ್ತ ಬನ್ನಿ. ನಿಮ್ಮದು ಸರಳ ಬಡ್ಡಿಯೋ, ತಿಂಗಳು ತಿಂಗಳು ಅಸಲಿಗೆ ಸೇರುತ್ತದೋ ಅಂತಲೂ ಕೇಳಿ. ಬ್ಯಾಂಕಲ್ಲದ ಕಂಪನಿಯಿಂದ ತೆಗೆದಿದ್ದರಂತೂ ಬಿಡಲೇಬೇಡಿ.

ನಮ್ಮದು ಫ್ಲೋಟಿಂಗ್ ದರ, ಅಂದರೆ ಆಗಾಗ ಏರಿಳಿಯುವ ಬಡ್ಡಿ. ಮಧ್ಯೆ ಜಾಸ್ತಿ ದುಡ್ಡು ಕಟ್ಟಿದರೆ ದಂಡ ಇಲ್ಲ, ನೇರ ಅಸಲು ಇಳಿಯುತ್ತದೆ. ಇದನ್ನೂ ಅವರಾಗಿ ಹೇಳಲಿಲ್ಲ. ನಾನೇ ಕೇಳಿದ ಮೇಲೆ "ಹೌದು ಹೌದು, ಕಟ್ಟಬಹುದಲ್ಲ" ಅಂದರು, ಅದೂ ಕಂಪ್ಯೂಟರ್ ನೋಡಿಕೊಂಡೇ.