ಸ್ಪ್ಯಾನಿಶ್‌ನಲ್ಲಿ ‘ರಾ’ ಬೇಕಾ, ‘ಸೆ’ ಬೇಕಾ?

‘ನನ್ನ ಹತ್ರ ದುಡ್ಡಿದ್ದಿದ್ರೆ ಹೋಗ್ತಿದ್ದೆ’ ಎನ್ನಲು ಸ್ಪ್ಯಾನಿಶ್‌ನಲ್ಲಿ ಎರಡು ದಾರಿ ಇದೆ: ‘ಸಿ ತುವಿಯೆರಾ ದಿನೇರೊ, ಇರಿಯಾ’ ಅಥವಾ ‘ಸಿ ತುವಿಯೆಸೆ ದಿನೇರೊ, ಇರಿಯಾ’. ಅರ್ಥ ಒಂದೇ. ಕಟ್ಟುವ ರೀತಿಯೂ ಒಂದೇ. ‘ಅವರ ಹತ್ರ ಇತ್ತು’ ಎನ್ನುವ ‘ತುವಿಯೆರೊನ್’ನಿಂದ ಕೊನೆಯ ‘ರೊನ್’ ತೆಗೆದು ‘ರಾ’ ಅಥವಾ ‘ಸೆ’ ಸೇರಿಸಿದರೆ ಆಯಿತು.

ಮಾತಿಗೆ ಒಂದನ್ನೇ ಆರಿಸಬೇಕೆಂದರೆ ‘ರಾ’ ಹಿಡಿಯಿರಿ. ಮೆಕ್ಸಿಕೊದಿಂದ ಅರ್ಜೆಂಟೀನಾವರೆಗೆ ಜನರ ಬಾಯಲ್ಲಿ ಜಾಸ್ತಿ ಬರುವುದು ಅದೇ. ಅಲ್ಲಿ ಹರಟೆಯ ನಡುವೆ ‘ತುವಿಯೆಸೆ’ ಅಂದರೆ ತಪ್ಪಲ್ಲ, ಸ್ವಲ್ಪ ಪುಸ್ತಕದ ಮಾತಿನಂತೆ ಕೇಳುತ್ತದೆ ಅಷ್ಟೇ. ಸ್ಪೇನ್‌ನಲ್ಲಿ ಮಾತ್ರ ‘ಸೆ’ ಮಾತಿನಲ್ಲೂ ಸಹಜ. ಆದರೂ ‘ರಾ’ದ್ದೇ ಮೇಲುಗೈ.

ಬರವಣಿಗೆಯಲ್ಲಿ ‘ಸೆ’ಗೆ ಒಂದು ಒಳ್ಳೆ ಕೆಲಸವಿದೆ. ಒಂದೇ ವಾಕ್ಯದಲ್ಲಿ ನಾಲ್ಕು ಸಲ ‘ರಾ ರಾ’ ಬಂದರೆ ಕಿವಿಗೆ ಹಿಂಸೆ, ಅಲ್ವಾ? ಆಗ ಒಂದೆರಡನ್ನು ‘ಸೆ’ ಮಾಡುತ್ತಾರೆ.

ಎಡವುವುದು ವಿನಯದ ಮಾತಿನಲ್ಲಿ. ಕೆಫೆಯಲ್ಲಿ ‘ಕಿಸಿಯೆರಾ ಉನ್ ಕಫೆ’ ಅಂದರೆ ‘ಒಂದು ಕಾಫಿ ಬೇಕಿತ್ತು’ ಎಂದು ಮೆತ್ತಗೆ ಕೇಳಿದಂತೆ. ಇಲ್ಲಿ ‘ಕಿಸಿಯೆಸೆ’ ನಡೆಯುವುದಿಲ್ಲ. ಕಾರಣ ಹಳೆಯದು: ‘ರಾ’ ಬಂದದ್ದು ನಡೆದದ್ದನ್ನು ನೇರವಾಗಿ ಹೇಳುವ ಲ್ಯಾಟಿನ್‌ನ ಭೂತಕಾಲದ ರೂಪದಿಂದ, ‘ಸೆ’ ಮೊದಲಿನಿಂದಲೂ ಊಹೆಯ ರೂಪ. ಪತ್ರಿಕೆಗಳಲ್ಲಿ ಮಾಜಿ ಅಧ್ಯಕ್ಷರನ್ನು ‘ಎಲ್ ಕೆ ಫುಯೆರಾ ಪ್ರೆಸಿದೆಂತೆ’ ಎಂದು ಬರೆಯುವುದರಲ್ಲಿ ಆ ಹಳೇ ವಾಸನೆ ಇನ್ನೂ ಉಳಿದಿದೆ.

‘ರಾ’ದಲ್ಲಿ ಒಂದೇ ಅಪಾಯ, ಒತ್ತು. ‘ಮಾತಾಡಿದ್ದಿದ್ರೆ’ ಎನ್ನುವಾಗ ಬರುವ ‘ಅಬ್ಲಾರಾ’ದಲ್ಲಿ ‘ಬ್ಲಾ’ ಮೇಲೆ ಒತ್ತು ಬೀಳಬೇಕು. ಕೊನೆಯ ‘ರಾ’ ಒತ್ತಿದರೆ ‘ಮಾತಾಡುತ್ತಾನೆ’ ಎಂಬ ಭವಿಷ್ಯತ್ಕಾಲವಾಗುತ್ತದೆ. ‘ಅಬ್ಲಾಸೆ’ಗೆ ಆ ಗೋಜಿಲ್ಲ.