ಅಪ್ಪನ ಎರಡು ಜೊತೆ ಕಿವಿ ಮಷೀನು: 1.7 ಲಕ್ಷದ್ದೋ, 52 ಸಾವಿರದ್ದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು 52 ಸಾವಿರದ್ದಕ್ಕೆ. 1.7 ಲಕ್ಷದ ಜೊತೆ ಈಗ ಬೀರುವಿನಲ್ಲಿ ಮಲಗಿದೆ.

ಅಪ್ಪನಿಗೆ 74. ಹಾಸನದಲ್ಲಿ ಅಮ್ಮನ ಜೊತೆ ಇದ್ದಾರೆ. ಪೂರ್ತಿ ಕಿವುಡೇನಲ್ಲ. ದಪ್ಪ ಸದ್ದು ಸುಮಾರಾಗಿ ಕೇಳುತ್ತದೆ, ಕೀರಲು ಸದ್ದು ಹೋಗಿದೆ. ಕಿವಿ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್‌ನಲ್ಲಿ 1000 ಹರ್ಟ್ಸ್‌ವರೆಗೆ 30–35 ಡೆಸಿಬೆಲ್, 3000 ದಾಟಿದರೆ 65. ಡೆಸಿಬೆಲ್ ಹೆಚ್ಚಿದಷ್ಟೂ ಕಿವುಡು ಹೆಚ್ಚು. ಹಾಗಾಗಿ ಅ, ಉ, ಒ ಕಿವಿಗೆ ಬೀಳುತ್ತವೆ. ಸ, ಶ, ತ ತಪ್ಪಿಹೋಗುತ್ತವೆ. ಅಮ್ಮ "ರೀ, ಸೊಪ್ಪು ತನ್ನಿ" ಅಂದರೆ ಉಪ್ಪು ತರುತ್ತಿದ್ದರು. ಅಡುಗೆಮನೆಯಲ್ಲಿ ನಾಲ್ಕು ಪ್ಯಾಕೆಟ್ ಉಪ್ಪು ಸೇರಿದ ಮೇಲೆ ನಾನು ಅವರನ್ನು ಬೆಂಗಳೂರಿಗೆ ಕರೆಸಿಕೊಂಡೆ.

ಹೋಗಿದ್ದು ಹಲವು ಊರುಗಳಲ್ಲಿ ಶಾಖೆ ಇರುವ ಒಂದು ಅಂಗಡಿಗೆ. ಒಂದೇ ಮಾಡೆಲ್‌ಗೆ ಮೂರು ದರ: ಜೊತೆಗೆ 60 ಸಾವಿರ, 1.05 ಲಕ್ಷ, 1.7 ಲಕ್ಷ. ಸಾಮಾನ್ಯವಾಗಿ ಒಂದು ಮಾಡೆಲ್‌ನ ಎಲ್ಲ ದರ್ಜೆಗಳಲ್ಲೂ ಎಲೆಕ್ಟ್ರಾನಿಕ್ ಚಿಪ್, ಕವಚ ಒಂದೇ ಇರುತ್ತದೆ. ದುಡ್ಡು ಜಾಸ್ತಿ ಕೊಟ್ಟಷ್ಟೂ ಸಾಫ್ಟ್‌ವೇರ್‌ನಲ್ಲಿ ದಪ್ಪ, ಕೀರಲು ಸದ್ದನ್ನು ಬೇರೆಬೇರೆಯಾಗಿ ಹೊಂದಿಸುವ ಚಾನೆಲ್ಲು ಹೆಚ್ಚುತ್ತವೆ, ಗದ್ದಲ ತಗ್ಗಿಸುವುದು, ಎದುರಿನವರ ಕಡೆಗೇ ಮೈಕ್ ತಿರುಗಿಸುವುದು ಇಂಥವು ಚುರುಕಾಗುತ್ತವೆ. ಇವೆಲ್ಲ ಜನ ತುಂಬಿದ ಜಾಗಕ್ಕೆ ಬೇಕಾದವು. ಮನೆಯಲ್ಲಿ ಇಬ್ಬರೇ ಮಾತಾಡುವಾಗ ವ್ಯತ್ಯಾಸ ಕಮ್ಮಿ. ಇದು ಆಗ ಗೊತ್ತಿರಲಿಲ್ಲ. ಅಪ್ಪನಿಗೆ ತಾನೇ ಅಂತ ಮೇಲಿನದ್ದೇ ತಗೊಂಡೆ. ಫಿಟಿಂಗ್ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು: ಆಡಿಯೋಗ್ರಾಮ್ ತುಂಬಿಸಿ ಒಂದು ಬಟನ್ ಒತ್ತಿದರು, "ಕೇಳ್ತಿದ್ಯಾ ಸರ್?" ಅಂದರು, ಬಿಲ್ಲು ಕೊಟ್ಟರು.

ತಲೆನೋವು ಶುರುವಾಗಿದ್ದು ಹಾಸನಕ್ಕೆ ವಾಪಸ್ ಹೋದ ಮೇಲೆ. ಅಪ್ಪ ಜಗಿಯುವಾಗೆಲ್ಲ ಮಷೀನು ಶಿಳ್ಳೆ ಹೊಡೆಯುತ್ತಿತ್ತು. "ಜೀವನಪೂರ್ತಿ ಉಚಿತ ಸರ್ವಿಸ್" ಅಂದಿದ್ದರಲ್ಲ, ಮತ್ತೆ ಬೆಂಗಳೂರಿಗೆ ಬಂದರು. ಹೋಗಿ ಬರಲು ಒಂದು ದಿನ. ಶಿಳ್ಳೆ ನಿಂತಿತು, ಉಪ್ಪಿನ ಪ್ಯಾಕೆಟ್ ಮತ್ತೆ ಮನೆಗೆ ಬಂತು. ಇನ್ನೊಂದು ಸಲ ಹೋದಾಗ ಕಿವಿ ಪರೀಕ್ಷಿಸಿ ಮಷೀನು ಹೊಂದಿಸುವ ಆಡಿಯಾಲಜಿಸ್ಟ್ ರಜೆ.

ಇದ್ಯಾಕೆ ಅಂತ ಹಾಸನದಲ್ಲೇ ಒಬ್ಬ ಆಡಿಯಾಲಜಿಸ್ಟ್ ಹತ್ತಿರ ಹೋದೆವು. ಅವರು ಕಂಪ್ಯೂಟರ್‌ಗೆ ಕನೆಕ್ಟ್ ಮಾಡಿ ನೋಡಿ, "ಇದು ನನ್ನ ಹತ್ರ ಓಪನ್ ಆಗಲ್ಲ" ಅಂದರು. ಮಷೀನು ದೊಡ್ಡ ಕಂಪನಿಯದ್ದೇ, ಆದರೆ ಅಂಗಡಿಯವರು ತಮ್ಮ ಹೆಸರು ಹಾಕಿಸಿ ಸಾಫ್ಟ್‌ವೇರ್‌ಗೆ ಬೀಗ ಹಾಕಿಸಿದ್ದರು. ಅವರ ಶಾಖೆ ಬಿಟ್ಟು ಬೇರೆ ಯಾರೂ ಸೆಟ್ಟಿಂಗ್ ಮುಟ್ಟುವ ಹಾಗಿಲ್ಲ. ಹತ್ತಿರದ ಶಾಖೆ ಬೆಂಗಳೂರಿನದ್ದೇ.

ಬೀಗ ಇದ್ದರೂ ಅಳೆಯಬಹುದು ಅಂತ ಅವರು ಕಿವಿಯೊಳಗೆ ದಾರದಂಥ ಸಣ್ಣ ನಳಿಕೆ ಇಟ್ಟು, ಮೇಲೆ ಮಷೀನು ಹಾಕಿ, ಸ್ಪೀಕರ್‌ನಲ್ಲಿ ಮಾತಿನ ಸದ್ದು ಬಿಟ್ಟರು. ಕಿವಿ ತಮಟೆಯ ಹತ್ತಿರ ನಿಜಕ್ಕೂ ಎಷ್ಟು ಸದ್ದು ತಲುಪುತ್ತಿದೆ ಅನ್ನುವುದು ಗೆರೆಯಾಗಿ ಪರದೆ ಮೇಲೆ ಬಂತು. ಇದಕ್ಕೆ ರಿಯಲ್ ಇಯರ್ ಮೆಷರ್‌ಮೆಂಟ್ ಅನ್ನುತ್ತಾರೆ. 3000 ಹರ್ಟ್ಸ್ ಹತ್ತಿರ ಅಪ್ಪನಿಗೆ ಬೇಕಾದ್ದಕ್ಕಿಂತ 12 ಡೆಸಿಬೆಲ್ ಕಮ್ಮಿ! ಕಿವಿಯೊಳಗೆ ಕೂರುವ ರಬ್ಬರ್ ಡೋಮು ಸಡಿಲ ಇತ್ತು, ಅದಕ್ಕೇ ಮೊದಲು ಶಿಳ್ಳೆ ಬರುತ್ತಿದ್ದದ್ದು. ಡೋಮು ಬದಲಿಸುವ ಬದಲು ಅಂಗಡಿಯವರು ಕೀರಲು ಸದ್ದನ್ನೇ ತಗ್ಗಿಸಿದ್ದರು ಅಂತ ಕಾಣುತ್ತದೆ. "ಸೊಪ್ಪಿನ ಸಕಾರ ಅಲ್ಲಿಂದ ಮೇಲೆ ಇರೋದು" ಅಂತ ಅವರು ಗೆರೆ ತೋರಿಸಿದರು.

ಅಲ್ಲಿಂದ ತಗೊಂಡದ್ದು ಈ 52 ಸಾವಿರದ ಜೊತೆ, ಕೆಳಗಿನಿಂದ ಎರಡನೇ ದರ್ಜೆ. ಮೂರು ತಿಂಗಳಲ್ಲಿ ನಾಲ್ಕು ಭೇಟಿ ಅದರಲ್ಲೇ ಸೇರಿದೆ, ಆಮೇಲೆ ಸಲಕ್ಕೆ 300 ರೂಪಾಯಿ. ಸದ್ದನ್ನು ಒಂದೇ ಸಲ ಪೂರ್ತಿ ಕೊಡಲಿಲ್ಲ. ಸ್ಟೀಲ್ ಪಾತ್ರೆ ಸದ್ದಿಗೆ ತಲೆ ಚಿಟ್ಟು ಹಿಡಿಯುತ್ತದೆ ಅಂತ ಕಮ್ಮಿಯಿಂದ ಶುರು ಮಾಡಿ ಭೇಟಿ ಭೇಟಿಗೆ ಏರಿಸಿದರು. ನಾಲ್ಕನೇ ಸಲ ಮತ್ತೆ ನಳಿಕೆ ಇಟ್ಟು ಅಳೆದರು.

ವಾರಂಟಿ ಹಳೆಯದಕ್ಕೆ ಮೂರು ವರ್ಷ, ಇದಕ್ಕೆ ಎರಡು. ಆದರೆ ಹಳೆಯದರ ರಿಸೀವರ್, ಅಂದರೆ ಕಿವಿಯೊಳಗೆ ಕೂರುವ ಪುಟ್ಟ ಸ್ಪೀಕರ್, ಏಳನೇ ತಿಂಗಳು ಸತ್ತಾಗ "ಗುಗ್ಗೆ ಕಟ್ಟಿದೆ, ವಾರಂಟಿ ಬರಲ್ಲ" ಅಂತ 6,500 ಕಿತ್ತುಕೊಂಡರು. 19 ದಿನ ಅಪ್ಪ ಒಂದೇ ಕಿವಿಯಲ್ಲಿ ಕಾಲ ಹಾಕಿದರು. ಈ ಸಲ ಗುಗ್ಗೆ ತಡೆಯುವ ಪುಟಾಣಿ ಜಾಲರಿ ಬದಲಿಸುವುದನ್ನು ಅಮ್ಮನಿಗೇ ಕಲಿಸಿಕೊಟ್ಟಿದ್ದಾರೆ.

ಹೊಸದಕ್ಕೆ ಚಾರ್ಜಿಂಗ್ ಇಲ್ಲ, 312 ಸೈಜಿನ ಬ್ಯಾಟರಿ. ವಾರಕ್ಕೊಂದು ಜೊತೆ ಬೇಕು.

ಮೈಸೂರಿನ ಸರ್ಕಾರಿ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಇನ್ನೂ ಕಡಿಮೆಗೆ ಆಗುತ್ತಿತ್ತು, ಅಲ್ಲಿಯ ಪರೀಕ್ಷೆಯ ಬಗ್ಗೆ ಒಳ್ಳೆಯ ಮಾತೇ ಕೇಳಿದ್ದೇನೆ. ನಾಲ್ಕು ಸಲ ಬಸ್ಸು ಹತ್ತಲು ಅಪ್ಪ ಒಪ್ಪಲಿಲ್ಲ, ಅಷ್ಟೆ.

ಹಳೆಯದು ಗೆಲ್ಲುವ ಜಾಗ ಒಂದಿದೆ. ಮದುವೆ ಛತ್ರದಲ್ಲಿ ವಾಲಗದ ನಡುವೆ ಮಾತು ಅದರಲ್ಲೇ ಚೆನ್ನಾಗಿ ತಿಳಿಯುತ್ತಿತ್ತು ಅಂತ ಅಪ್ಪ ಈಗಲೂ ಹೇಳುತ್ತಾರೆ. ದಿನಾ ಮೀಟಿಂಗು, ಹೋಟೆಲು ಅಂತ ಓಡಾಡುವವರಾದರೆ ಆ ದರ್ಜೆಗೆ ದುಡ್ಡು ಹಾಕಬಹುದು, ಬೀಗ ಇಲ್ಲದ್ದು ಅಂತ ಬಿಲ್ಲಿನಲ್ಲಿ ಬರೆಸಿಕೊಂಡು. ಅಪ್ಪ ವರ್ಷಕ್ಕೆ ಆರು ಮದುವೆಗೆ ಹೋದರೆ ಹೆಚ್ಚು. ಅಲ್ಲಿ ಅವರು ಮಾತಾಡುವುದಕ್ಕಿಂತ ಊಟದ ಪಂಕ್ತಿ ಕಡೆ ನೋಡುವುದೇ ಜಾಸ್ತಿ.