ಫ್ರೀಕ್ಯಾಡ್ ಜೊತೆ ನಾಲ್ಕು ವರ್ಷ: ಚುಕ್ಕಿ ಸೇರಿಸಿದರೆ ಗೆರೆ ನುಣುಪಾಗುತ್ತೆ ಅಂದುಕೊಂಡಿದ್ದೆ

ಹಾಸನದಲ್ಲಿ ನನ್ನದೊಂದು ಚಿಕ್ಕ ಸಿಎನ್‌ಸಿ ರೌಟರ್ ಅಂಗಡಿ ಇದೆ. ದಿನದ ಕೆಲಸ ಅಂದರೆ ದೇವರ ಮನೆ ಬಾಗಿಲು, ಕಮಾನು, ಅಂಗಡಿ ಬೋರ್ಡು. ಆಗಾಗ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ಹಿಡಿದುಕೊಂಡು ಬರುತ್ತಾರೆ. 2021ರಲ್ಲಿ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಫ್ರೀಕ್ಯಾಡ್ 0.19 ಹಾಕಿಕೊಂಡೆ, ಈಗ 1.0ರಲ್ಲಿದ್ದೇನೆ. ದುಡ್ಡು ಕೊಡಬೇಕಾಗಿಲ್ಲ, ವರ್ಷ ವರ್ಷ ಲೈಸೆನ್ಸ್ ರಿನ್ಯೂ ಮಾಡುವ ಗೋಳಿಲ್ಲ. ಇದರ ಬಗ್ಗೆ ಎಲ್ಲವನ್ನೂ ಬರೆಯಲು ಹೋಗಲ್ಲ. ನಾನು ಜಾಸ್ತಿ ಬಳಸಿದ್ದು ಮತ್ತು ಜಾಸ್ತಿ ಏಟು ತಿಂದಿದ್ದು ಒಂದೇ ಕೆಲಸದಲ್ಲಿ: ಫೈಲಿನಲ್ಲಿ ಬಂದ ಚುಕ್ಕಿಗಳ ಮೂಲಕ ಸ್ಪ್ಲೈನ್ ಅನ್ನುವ ನುಣುಪು ಗೆರೆ ಎಳೆದು ಏರ್‌ಫಾಯಿಲ್, ಅಂದರೆ ರೆಕ್ಕೆಯ ಅಡ್ಡಕೊಯ್ತದ ಆಕಾರ, ಮಾಡುವುದು.

ಏರ್‌ಫಾಯಿಲ್ ಫೈಲು ನೋಡದವರಿಗೆ ಎರಡು ಮಾತು. ಅದು ಬರೀ ಟೆಕ್ಸ್ಟ್ ಫೈಲು. ಮೊದಲ ಸಾಲಿನಲ್ಲಿ ಹೆಸರು, ಆಮೇಲೆ ಒಂದೊಂದು ಸಾಲಿಗೆ ಒಂದು `x`, ಒಂದು `y`. ರೆಕ್ಕೆಯ ಅಗಲವನ್ನು 1 ಅಂತ ಇಟ್ಟುಕೊಂಡಿರುತ್ತಾರೆ, ನಮಗೆ ಬೇಕಾದ ಅಳತೆಯಿಂದ ಗುಣಿಸಿಕೊಳ್ಳಬೇಕು. ಇಲಿನಾಯ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಇಂಥವು ಒಂದೂವರೆ ಸಾವಿರಕ್ಕೂ ಜಾಸ್ತಿ ಇವೆ. ಸಾಲುಗಳ ಕ್ರಮದಲ್ಲಿ ಎರಡು ರೀತಿ ಇದೆ. ಸೆಲಿಗ್ ರೀತಿಯಲ್ಲಿ ಹಿಂದಿನ ಅಂಚಿನಿಂದ ಹೊರಟು, ಮೇಲ್ಭಾಗದಲ್ಲಿ ಮುಂದೆ ಬಂದು, ಮೂತಿ ಸುತ್ತಿ, ಕೆಳಗಿನಿಂದ ವಾಪಸ್ ಹಿಂದಕ್ಕೆ ಹೋಗುತ್ತದೆ. ಲೆಡ್ನಿಸರ್ ರೀತಿಯಲ್ಲಿ ಮೂತಿಯಿಂದ ಹಿಂದಕ್ಕೆ ಮೇಲ್ಭಾಗ, ಮತ್ತೆ ಮೂತಿಯಿಂದ ಹಿಂದಕ್ಕೆ ಕೆಳಭಾಗ. ಎರಡನೆಯದನ್ನು ಹಾಗೇ ಸ್ಪ್ಲೈನ್‌ಗೆ ಕೊಟ್ಟರೆ ಗೆರೆ ಹಿಂದಿನ ಅಂಚಿಂದ ಹೊಟ್ಟೆಯೊಳಗೆ ಹಾದು ಮೂತಿಗೆ ಹಾರುತ್ತದೆ. ಕಣ್ಣಿಗೆ ಕಂಡುಬಿಡುವ ತಪ್ಪು, ಮೇಲ್ಭಾಗವನ್ನು ತಿರುಗಿಸಿ, ಎರಡು ಸಲ ಬಂದ ಮೂತಿಯ ಚುಕ್ಕಿಯಲ್ಲಿ ಒಂದನ್ನು ತೆಗೆದರೆ ಮುಗಿಯಿತು.

ಮೊದಲ ವರ್ಷ ನಾನು ಮಾಡಿದ್ದು ಸುಲಭದ ದಾರಿ. ಫೈಲನ್ನು ಇಂಪೋರ್ಟ್ ಮಾಡಿದೆ. ಬಂದಿದ್ದು ನೇರ ತುಂಡುಗಳ ವೈರ್. ಫ್ರೀಕ್ಯಾಡಿನ ಡ್ರಾಫ್ಟ್ ವಿಭಾಗದಲ್ಲಿ ಅದನ್ನು ಬಿ-ಸ್ಪ್ಲೈನ್ ಮಾಡುವ ಗುಂಡಿ ಒತ್ತಿದೆ. ಸ್ಕ್ರೀನ್ ಮೇಲೆ ಮೀನಿನ ಹಾಗೆ ನುಣುಪಾಗಿ ಕಂಡಿತು. ಕತ್ತರಿಸಿ ನೋಡಿದರೆ ಹಿಂದಿನ ತುದಿ ಚೂಪಾಗಿಲ್ಲ, ಬೆಂಕಿಕಡ್ಡಿಯ ತಲೆಯ ಹಾಗೆ ಸಣ್ಣ ಗುಬ್ಬಟೆ! ಕಾರಣ ಸರಳ. ಮುಚ್ಚಿದ ಸ್ಪ್ಲೈನ್ ಅಂದರೆ ಸುತ್ತ ಎಲ್ಲೂ ಮೂಲೆ ಇರಬಾರದು ಅಂತ ಅದಕ್ಕೆ ಹೇಳಿದ ಹಾಗೆ. ಹಿಂದಿನ ಅಂಚಿನಲ್ಲೂ ಅದು ತಿರುವು ತೆಗೆದುಕೊಂಡೇ ಹೋಗುತ್ತದೆ. ಅಲ್ಲಿ ನಮಗೆ ಬೇಕಿರುವುದೇ ಮೂಲೆ. ಹಾಗಾಗಿ ಸ್ಪ್ಲೈನ್ ತೆರೆದೇ ಇರಬೇಕು, ಕೊನೆಯ ಸಂದನ್ನು ಒಂದು ಚಿಕ್ಕ ನೇರ ಗೆರೆಯಿಂದ ಮುಚ್ಚಬೇಕು. ಆಗಿನಿಂದ ಗುಂಡಿ ಬಿಟ್ಟು ನಾಲ್ಕು ಸಾಲಿನ ಪೈಥಾನ್‌ಗೆ ಬಂದೆ:

```
c = Part.BSplineCurve()
c.interpolate(Points=pts)
tail = Part.makeLine(c.EndPoint, c.StartPoint)
Part.show(Part.Wire([c.toShape(), tail]))
```

`pts` ಅಂದರೆ ಫೈಲಿನಿಂದ ಓದಿ, ಅಗಲದಿಂದ ಗುಣಿಸಿದ ಚುಕ್ಕಿಗಳ ಪಟ್ಟಿ. ಮೇಲು ಕೆಳಗು ಅಂತ ಎರಡು ಸ್ಪ್ಲೈನ್ ಮಾಡಬೇಡಿ, ಮೂತಿ ಸುತ್ತಿ ಒಂದೇ ಎಳೆಯಿರಿ. ಎರಡು ಮಾಡಿದರೆ ಮೂತಿಯಲ್ಲಿ ಎರಡು ಗೆರೆಗಳೂ ತಮ್ಮ ಪಾಡಿಗೆ ಬಂದು ಸೇರುತ್ತವೆ, ಅಲ್ಲಿ ಒಂದು ಸಣ್ಣ ಮೂಲೆ ಉಳಿಯುತ್ತದೆ.

ಇಷ್ಟು ಕಲಿತ ಮೇಲೆ ಎರಡು ವರ್ಷ ಹಾಯಾಗಿದ್ದೆ. ಆಮೇಲೆ ಬಂತು ಗಾಳಿಯಂತ್ರದ ಕೆಲಸ.

ನಾಲ್ಕು ಜನ ಹುಡುಗರು ಸಕಲೇಶಪುರದ ಕಡೆ ಒಂದು ಕಾಫಿ ತೋಟದ ದಿಣ್ಣೆ ಮೇಲೆ ಸಣ್ಣ ಗಾಳಿಯಂತ್ರ ನಿಲ್ಲಿಸುವ ಪ್ರಾಜೆಕ್ಟ್ ಹಿಡಿದಿದ್ದರು. ಕಂಬದ ಸುತ್ತ ನೆಟ್ಟಗೆ ನಿಂತು ತಿರುಗುವ ಮೂರು ಬ್ಲೇಡು. ಆಕಾರ ಅಮೆರಿಕದ ಹಳೇ ವಿಮಾನ ಸಂಶೋಧನಾ ಸಂಸ್ಥೆ ನಾಕಾದ 0018, ಅಗಲ 200 ಮಿ.ಮೀ. ಪ್ಲೈವುಡ್ ರಿಬ್ಬು ಕತ್ತರಿಸಿ, ಮೇಲೆ ತೆಳು ಅಲ್ಯೂಮಿನಿಯಂ ಹಾಳೆ ಸುತ್ತುವ ಯೋಚನೆ. ಫೈಲಿನಲ್ಲಿ 201 ಚುಕ್ಕಿ ಇದ್ದವು. ಇಷ್ಟು ಚುಕ್ಕಿ ಇದ್ದ ಮೇಲೆ ನುಣುಪಿಗೇನು ಕಮ್ಮಿ ಅಂದುಕೊಂಡು ಒಂದು ರಿಬ್ಬು ಕತ್ತರಿಸಿದೆ. ಮೆಷಿನ್ನು ಆ ಗೆರೆ ಮೇಲೆ ಜರ್ ಜರ್ ಅಂತ ತಡವರಿಸಿಕೊಂಡು ಹೋಯಿತು. ಅಂಚಿನ ಮೇಲೆ ಉಗುರು ಎಳೆದರೆ ಹಾರ್ಮೋನಿಯಂ ಮಣೆ.

“ಅಣ್ಣಾ, ಗೆರೆ ಎಲ್ಲಾ ಪಾಯಿಂಟ್ ಮೇಲೂ ಸರಿಯಾಗೇ ಹೋಗಿದೆಯಲ್ಲಾ, ಇನ್ನೇನು ತಪ್ಪು?” ಅಂದ ಒಬ್ಬ.

ತಪ್ಪು ಅದೇ ಆಗಿತ್ತು. ಫೈಲು ತೆರೆದು ನೋಡಿದೆ. ಎಲ್ಲಾ ಅಂಕಿಗೂ ಮೂರೇ ದಶಮಾಂಶ. ಅವರು ಸೂತ್ರದಿಂದ ಲೆಕ್ಕ ಹಾಕಿದ್ದು ಸ್ಪ್ರೆಡ್‌ಶೀಟಿನಲ್ಲಿ. ನೋಡಲು ಚೆಂದ ಇರಲಿ ಅಂತ ಕಾಲಮ್ಮನ್ನು ಮೂರು ದಶಮಾಂಶಕ್ಕೆ ಇಟ್ಟಿದ್ದರು. ಸಿಎಸ್‌ವಿ ಮಾಡಿ ಉಳಿಸಿದಾಗ ಕಂಡಷ್ಟೇ ಅಂಕಿ ಉಳಿಯಿತು, ಹಿಂದಿನದು ಹೋಯಿತು. 0.001 ಅಂದರೆ 200 ಮಿ.ಮೀ. ಅಗಲಕ್ಕೆ 0.2 ಮಿ.ಮೀ. ಅಂದರೆ ಒಂದೊಂದು ಚುಕ್ಕಿಯೂ ಮೇಲೋ ಕೆಳಗೋ 0.1 ಮಿ.ಮೀ.ವರೆಗೆ ಜರುಗಿರಬಹುದು. ದಪ್ಪ ಜಾಸ್ತಿ ಇರುವ ಜಾಗದಲ್ಲಿ `y` ಐದಾರು ಸಾಲು ಒಂದೇ 0.090 ಇತ್ತು, ಆಮೇಲೆ ದಡಕ್ಕನೆ 0.089. ಮೆಟ್ಟಿಲು!

0.1 ಮಿ.ಮೀ. ಏನು ಮಹಾ ಅನ್ನಿಸುತ್ತೆ ಅಲ್ವಾ? ಆದರೆ ಅಲ್ಲಿ ಚುಕ್ಕಿಗಳ ನಡುವಿನ ದೂರವೇ 3 ಮಿ.ಮೀ.ಗಿಂತ ಕಮ್ಮಿ. ಒಂದು ಚುಕ್ಕಿ 0.1 ಮೇಲೆ, ಪಕ್ಕದ್ದು 0.1 ಕೆಳಗೆ ಇದ್ದರೆ, ಎಲ್ಲದರ ಮೇಲೂ ಹೋಗಲೇಬೇಕಾದ ಗೆರೆ ಸುಮಾರು 20 ಮಿ.ಮೀ. ತ್ರಿಜ್ಯದ ತಿರುವು ತೆಗೆದುಕೊಳ್ಳಬೇಕಾಗುತ್ತದೆ. ನಿಜವಾದ ಆಕಾರದಲ್ಲಿ ಆ ಜಾಗದ ತ್ರಿಜ್ಯ 295 ಮಿ.ಮೀ. ಆಸುಪಾಸು. ಚುಕ್ಕಿಗಳನ್ನು ಇನ್ನೂ ಹತ್ತಿರ ಮಾಡಿದರೆ ಇದು ಇನ್ನೂ ಕೆಡುತ್ತದೆ: ದೂರ ಅರ್ಧವಾದರೆ ತಿರುವಿನ ತಪ್ಪು ನಾಲ್ಕರಷ್ಟು. ಜಾಸ್ತಿ ಚುಕ್ಕಿ ಒಳ್ಳೆಯದು ಅನ್ನುವ ನನ್ನ ನಂಬಿಕೆ ಅವತ್ತಿಗೆ ಹೋಯಿತು.

ಇದನ್ನು ಮರ ಹಾಳು ಮಾಡದೆ ಮೊದಲೇ ನೋಡಬಹುದಿತ್ತು. ಕರ್ವ್ಸ್ ಅಂತ ಒಂದು ಆಡ್‌ಆನ್ ಇದೆ, ಅದರಲ್ಲಿ ಬಾಚಣಿಗೆ ತೋರಿಸುವ ಟೂಲ್ ಇದೆ. ಗೆರೆ ಎಲ್ಲಿ ಎಷ್ಟು ತಿರುಗಿದೆ ಅನ್ನುವುದನ್ನು ಬಾಚಣಿಗೆ ಹಲ್ಲಿನ ಉದ್ದದಲ್ಲಿ ತೋರಿಸುತ್ತದೆ. ಒಳ್ಳೆಯ ಏರ್‌ಫಾಯಿಲ್‌ನಲ್ಲಿ ಮೂತಿಯ ಹತ್ತಿರ ಹಲ್ಲು ಉದ್ದ, ಹಿಂದಕ್ಕೆ ಹೋದಂತೆ ಸಮನಾಗಿ ಗಿಡ್ಡ. ಅವರ ಫೈಲಿನಲ್ಲಿ ಹಲ್ಲುಗಳು ಒಮ್ಮೆ ಹೊರಗೆ, ಒಮ್ಮೆ ಒಳಗೆ, ಮುಳ್ಳುಹಂದಿಯ ಹಾಗೆ. ಗೆರೆ ಮಾತ್ರ ಸ್ಕ್ರೀನಿನಲ್ಲಿ ಬೆಣ್ಣೆ. ಈಗ ಬಾಚಣಿಗೆ ನೋಡದೆ ಏನನ್ನೂ ಕತ್ತರಿಸುವುದಿಲ್ಲ.

ಫ್ರೀಕ್ಯಾಡ್‌ಗೆ ನಾನು ಅಂಟಿಕೊಂಡಿರುವುದು ಮುಂದಿನ ಸಾಲಿಗಾಗಿ:

```
c.approximate(Points=pts, DegMin=3, DegMax=5,
              Tolerance=0.1, Continuity="C2")
```

`interpolate` ಎಲ್ಲಾ ಚುಕ್ಕಿಯನ್ನೂ ಮುಟ್ಟುತ್ತದೆ. `approximate` ನಾವು ಬಿಟ್ಟಷ್ಟು ಸಡಿಲದೊಳಗೆ ಹತ್ತಿರ ಹಾದುಹೋಗುತ್ತದೆ. ಸಡಿಲ ಎಷ್ಟು ಅನ್ನುವುದಕ್ಕೆ ನನ್ನ ಲೆಕ್ಕ ಒಂದೇ: ಚುಕ್ಕಿಗಳಲ್ಲಿ ಎಷ್ಟು ತಪ್ಪಿದೆಯೋ ಅಷ್ಟು. ಇಲ್ಲಿ 0.1. ಅದಕ್ಕಿಂತ ತೀರಾ ಕಮ್ಮಿ ಕೊಟ್ಟರೆ ಅಲೆ ವಾಪಸ್ ಬರುತ್ತದೆ, ತೀರಾ ಜಾಸ್ತಿ ಕೊಟ್ಟರೆ ಆಕಾರವೇ ಬೇರೆಯಾಗುತ್ತದೆ. 0.1 ಕೊಟ್ಟ ಮೇಲೆ ಬದಿಯ ಬಾಚಣಿಗೆ ತಣ್ಣಗಾಯಿತು. ಮೂತಿ ಮಾತ್ರ ಸರಿಹೋಗಲಿಲ್ಲ.

ಮೂತಿಯನ್ನು ಪರೀಕ್ಷಿಸಲು ನಾಕಾದ ನಾಲ್ಕಂಕಿ ಆಕಾರಗಳಲ್ಲಿ ಒಂದು ಅನುಕೂಲ ಇದೆ. ಮೂತಿಯ ತ್ರಿಜ್ಯ ಎಷ್ಟಿರಬೇಕು ಅಂತ ಮೊದಲೇ ಗೊತ್ತು. ದಪ್ಪದ ಪಾಲಿನ ವರ್ಗವನ್ನು 1.1019ರಿಂದ, ಆಮೇಲೆ ಅಗಲದಿಂದ ಗುಣಿಸಬೇಕು. 0018ಕ್ಕೆ ದಪ್ಪ 0.18, ಅಗಲ 200, ಹಾಗಾಗಿ ತ್ರಿಜ್ಯ 7.14 ಮಿ.ಮೀ. ಸ್ಪ್ಲೈನಿನಲ್ಲಿ ಎಷ್ಟು ಬಂದಿದೆ ಅಂತ ಹೀಗೆ ಕೇಳಬಹುದು:

```
u = c.parameter(App.Vector(0, 0, 0))
print(1 / c.curvature(u))
```

7.14ರ ಹತ್ತಿರವೂ ಬರಲಿಲ್ಲ. ಫೈಲಿನ ಮಧ್ಯದ ಸಾಲು ನೋಡಿದಾಗ ಅರ್ಥವಾಯಿತು. ಮೂತಿಯ ತುದಿಯ ಚುಕ್ಕಿ, ಅದರ ಮೇಲಿನದು, ಕೆಳಗಿನದು, ಮೂರಕ್ಕೂ `x` ಒಂದೇ: 0.000. ಪಕ್ಕದ ಚುಕ್ಕಿಯ ನಿಜವಾದ `x` 0.000247, ಮೂರು ದಶಮಾಂಶದಲ್ಲಿ ಅದು ಸೊನ್ನೆ. ಮೂರು ಚುಕ್ಕಿ ಒಂದೇ ನೇರದಲ್ಲಿ ನಿಂತಿವೆ, ಮೂತಿ ಚಪ್ಪಟೆ! ಫೈಲಿನಲ್ಲೇ ಇಲ್ಲದ ದುಂಡನ್ನು ಯಾವ ಸಾಫ್ಟ್‌ವೇರ್ ತಂದುಕೊಡುತ್ತೆ? ಕಾಲಮ್ಮನ್ನು ಆರು ದಶಮಾಂಶಕ್ಕೆ ಇಟ್ಟು ಮತ್ತೆ ಉಳಿಸಿಕೊಂಡು ಬನ್ನಿ ಅಂತ ಕಳಿಸಿದೆ. ಹುಡುಗರು ಟೀ ಕುಡಿದು ಬರುವಷ್ಟರಲ್ಲಿ ಫೋನಿನಲ್ಲೇ ಫೈಲು ಬಂತು. ಈ ಸಲ ಬರೀ `interpolate` ಸಾಕಾಯಿತು. ಬಾಚಣಿಗೆ ಸಮ, ಮೂತಿ 7.1, ಹಿಂದಿನ ಅಂಚಿನ ದಪ್ಪ 0.76 ಮಿ.ಮೀ. ನಾಕಾ ಸೂತ್ರದಲ್ಲಿ ಹಿಂದಿನ ಅಂಚು ಪೂರ್ತಿ ಚೂಪಾಗುವುದಿಲ್ಲ, ಅಷ್ಟು ದಪ್ಪ ಉಳಿಯುವುದೇ ಸರಿ.

ಇಷ್ಟೆಲ್ಲಾ ಆಗಿ ಕೊನೆಗೆ ಮೆಷಿನ್ನಿಗೆ ಕೊಡುವ ಡಿಎಕ್ಸ್‌ಎಫ್ ಫೈಲಿನಲ್ಲಿ ಇನ್ನೊಂದು ಏಟು ಬಿತ್ತು. ರಫ್ತು ಮಾಡುವಾಗ ಸ್ಪ್ಲೈನನ್ನು ನೇರ ತುಂಡುಗಳಾಗಿ ಒಡೆಯುವ ಒಂದು ಸೆಟ್ಟಿಂಗ್ ಇದೆ. ನನ್ನ ರೌಟರಿನ ಹಳೇ ಸಾಫ್ಟ್‌ವೇರ್ ಸ್ಪ್ಲೈನ್ ಓದಲ್ಲ, ಹಾಗಾಗಿ ಒಡೆಯಲೇಬೇಕು. ತುಂಡಿನ ಉದ್ದ 5 ಮಿ.ಮೀ. ಅಂತ ಇತ್ತು, ನಾನು ನೋಡಿರಲಿಲ್ಲ. 7 ಮಿ.ಮೀ. ತ್ರಿಜ್ಯದ ಮೂತಿಗೆ 5 ಮಿ.ಮೀ. ತುಂಡು ಅಂದರೆ ನಟ್ಟಿನ ಮುಖದ ಹಾಗೆ, ಒಂದೊಂದು ತುಂಡೂ ನಿಜವಾದ ದುಂಡಿಗಿಂತ 0.4 ಮಿ.ಮೀ.ಯಷ್ಟು ಒಳಗೆ ಕೊಯ್ಯುತ್ತದೆ. ಅದನ್ನು 0.2ಕ್ಕೆ ಇಳಿಸಿದ ಮೇಲೆ ತಪ್ಪು ಮೈಕ್ರಾನ್ ಲೆಕ್ಕಕ್ಕೆ ಬಂತು. ಈ ಸೆಟ್ಟಿಂಗ್ ಪ್ರಿಫರೆನ್ಸಸ್‌ನ ಒಳಗೆ ಎಲ್ಲೋ ಮೂಲೆಯಲ್ಲಿದೆ, ರಫ್ತು ಮಾಡುವ ಹೊತ್ತಿಗೆ ಕಣ್ಣ ಮುಂದೆ ಬಂದಿದ್ದರೆ ಎರಡು ಹಾಳೆ ಪ್ಲೈ ಉಳಿಯುತ್ತಿತ್ತು.

ದೂರು ಇಲ್ಲ ಅಂತಲ್ಲ. ಬಾಚಣಿಗೆಗೆ ಬೇರೆ ಆಡ್‌ಆನ್ ಹಾಕಬೇಕು. `approximate` ಬೇಕೆಂದರೆ ಪೈಥಾನ್ ಬರೆಯಬೇಕು, ಇಲ್ಲವೇ ಅದೇ ಆಡ್‌ಆನ್‌ನಲ್ಲಿ ಹುಡುಕಬೇಕು. ಮೌಸಿನಲ್ಲಷ್ಟೇ ಕೆಲಸ ಮಾಡುವವರಿಗೆ ಮೊದಲ ತಿಂಗಳು ಕಷ್ಟ. ಬರೀ ಬೋರ್ಡು ಕತ್ತರಿಸುವವರು ಇದನ್ನು ಕಲಿಯುವ ಅಗತ್ಯವೂ ಇಲ್ಲ.

ನನಗೆ ಮಾತ್ರ ಇದು ದೇವರ ಮನೆ ಕೆಲಸಕ್ಕೂ ಬಂತು. ಹೋದ ತಿಂಗಳು ಒಬ್ಬರು ಅಜ್ಜಿಮನೆಯ ಹಳೇ ಬಾಗಿಲಿನ ಕಮಾನು ಬೇಕು ಅಂತ ಫೋಟೋ ತಂದರು. ಅದರ ಮೇಲೆ ಕೈಯಲ್ಲಿ ಚುಕ್ಕಿ ಇಟ್ಟೆ. ಕೈ ಅಲುಗಾಟ ಅರ್ಧ ಮಿಲಿಮೀಟರ್ ಇರಬಹುದು ಅಂದುಕೊಂಡು `Tolerance=0.5` ಕೊಟ್ಟೆ. ತುದಿಯ ಚೂಪು ಮಾತ್ರ ಮೂಲೆಯಾಗೇ ಉಳಿಯಬೇಕಿತ್ತು, ಅಲ್ಲಿ ಗೆರೆಯನ್ನು ಎರಡು ಮಾಡಿದೆ. ತೇಗದ ಮೇಲೆ ಒಂದೇ ಸಲಕ್ಕೆ ಕೂತಿತು, ಮರಳು ಕಾಗದ ಹಿಡಿಯಬೇಕಾಗಿ ಬಂದಿದ್ದು ಎರಡು ಜಾಗದಲ್ಲಿ ಅಷ್ಟೇ.